‘ಕಂಡುಬಂದಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ: ತಿರಸ್ಕೃತವಾದ ಮತದಾರ ಅರ್ಜಿ ಮತ್ತು ಅದರ ಮೇಲ್ಮನವಿ

ವ್ಯಾವಹಾರಿಕ ಕನ್ನಡದ ಪಾಠದಲ್ಲಿ ನಾವು ಮನವಿಪತ್ರದ ಒಂದು ಅಚ್ಚನ್ನು ಕಲಿಯುತ್ತೇವೆ. ಇವರಿಂದ, ಇವರಿಗೆ, ವಿಷಯ, ಮಾನ್ಯರೇ, ತಮ್ಮ ವಿಶ್ವಾಸಿ. ಆ ಅಚ್ಚು ರಜೆಯ ಅರ್ಜಿಗೆ ಸಾಲುತ್ತದೆ, ಮೇಲ್ಮನವಿಗೆ ಸಾಲದು. ಏಕೆಂದರೆ ಮೇಲ್ಮನವಿ ಸ್ವತಂತ್ರವಾದ ಪತ್ರವಲ್ಲ, ಇನ್ನೊಂದು ಬರಹಕ್ಕೆ ಬರೆದ ಉತ್ತರ. ಆ ಮೊದಲ ಬರಹವನ್ನು ಸರಿಯಾಗಿ ಓದದವರ ಉತ್ತರ ಎಷ್ಟು ವಿನಯದಿಂದ ಕೂಡಿದ್ದರೂ ಗುರಿ ತಪ್ಪುತ್ತದೆ. ಹದಿನೆಂಟು ತುಂಬುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರವಾದ ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೊಡುವ ನಮೂನೆ 6ರ ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು ಎಂಬುದೇ ಆ ಉದಾಹರಣೆ.

ಪಾಠಕ್ಕಾಗಿ ನಾನು ಕಟ್ಟಿಕೊಂಡ ಪ್ರಸಂಗ ಇದು. ಕಾಸರಗೋಡು ಜಿಲ್ಲೆಯ ಗಡಿಹಳ್ಳಿಯೊಂದರ ವಿದ್ಯಾರ್ಥಿನಿ. ಹುಟ್ಟಿದ್ದು 2007ರ ಜೂನ್ 14ರಂದು. ಪದವಿ ಓದುತ್ತಿರುವುದು ಮಂಗಳೂರಿನಲ್ಲಿ, ಇರುವುದು ಅಲ್ಲಿನ ಹಾಸ್ಟೆಲಿನಲ್ಲಿ. 2025ರ ಜುಲೈ 3ರಂದು ಊರಿನ ಮನೆಯ ವಿಳಾಸ ಕೊಟ್ಟು ನಮೂನೆ 6 ಸಲ್ಲಿಸಿದಳು. ಆಗಸ್ಟ್ 8ರ ದಿನಾಂಕ ಹೊತ್ತ ಆದೇಶ ಆಗಸ್ಟ್ 14ರಂದು ಮನೆಗೆ ಬಂತು. ಇಂಥ ಆದೇಶಗಳು ನಮ್ಮ ಕಡೆ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುವುದೇ ಹೆಚ್ಚು. ಅದರ ತಿರುಳನ್ನು ಕನ್ನಡಕ್ಕೆ ತಂದುಕೊಂಡರೆ ಹೀಗಾಗುತ್ತದೆ:

“ವಯಸ್ಸಿಗೆ ಸಂಬಂಧಿಸಿದ ದಾಖಲೆ ಸಮರ್ಪಕವಾಗಿಲ್ಲ. ಸ್ಥಳಪರಿಶೀಲನೆಯಲ್ಲಿ ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿರುವುದು ಕಂಡುಬಂದಿಲ್ಲ. ಮಂಗಳೂರಿನಲ್ಲಿ ವಾಸವೆಂದು ತಿಳಿದುಬಂದಿದೆ. ಇದೇ ಹೆಸರಿನ ಮತದಾರರು ಇದೇ ಭಾಗದಲ್ಲಿ ಈಗಾಗಲೇ ಇದ್ದಾರೆ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.”

ಹೀಗೆ ತಾಯ್ನುಡಿಯಲ್ಲಿ ಒಮ್ಮೆ ಬರೆದುಕೊಳ್ಳುವುದು ವ್ಯರ್ಥ ಶ್ರಮವಲ್ಲ. ಅನುವಾದಿಸುವಾಗ ಪ್ರತಿಯೊಂದು ಕ್ರಿಯಾಪದದ ಮುಂದೆಯೂ ನಾವು ನಿಲ್ಲಲೇಬೇಕಾಗುತ್ತದೆ, ಮತ್ತು ಈ ಆದೇಶದ ಗುಟ್ಟೆಲ್ಲ ಇರುವುದು ಕ್ರಿಯಾಪದಗಳಲ್ಲಿಯೇ.

ಆದರೆ ಕಾರಣಗಳಿಗಿಂತ ಮೊದಲು ದಿನಾಂಕ. ಮತದಾರರ ನೋಂದಣಾಧಿಕಾರಿಯ ಇಂಥ ಆದೇಶದ ಮೇಲೆ, 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 24ನೆಯ ಕಲಮಿನಂತೆ, ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕಿರುವ ಅವಧಿ ಆದೇಶದ ದಿನಾಂಕದಿಂದ ಹದಿನೈದು ದಿನ. ಕಾಗದ ಕೈಗೆ ಬಂದ ದಿನದಿಂದಲ್ಲ. ಆದೇಶದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಿದರೆ ಹದಿನೈದನೆಯ ದಿನ ಆಗಸ್ಟ್ 23. ನಮ್ಮ ವಿದ್ಯಾರ್ಥಿನಿಯ ಕೈಗೆ ಕಾಗದ ಬಂದಾಗಲೇ ಆರು ದಿನ ಕಳೆದಿತ್ತು. ಮರುದಿನ ಸ್ವಾತಂತ್ರ್ಯೋತ್ಸವದ ರಜೆ. ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಹರಿಯದೆ ಇಟ್ಟುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ. ಒಂದು ವೇಳೆ ತಡವಾದರೆ, ತಡಕ್ಕೆ ಕಾರಣವೇನೆಂದು ತೋರಿಸಲು ಅವಳ ಬಳಿ ಇರುವ ಸಾಕ್ಷಿ ಅದೊಂದೇ.

ಆದೇಶ ಹೊರಡಿಸಿದವರು ಯಾರೆಂಬುದನ್ನೂ ನೋಡಬೇಕು. ಕೇರಳದಲ್ಲಿ ಪಂಚಾಯತು, ನಗರಸಭೆಗಳ ಮತದಾರರ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗ ಬೇರೆಯಾಗಿ ಸಿದ್ಧಪಡಿಸುತ್ತದೆ. ವಿಧಾನಸಭೆ, ಲೋಕಸಭೆಗಳ ಪಟ್ಟಿ ಭಾರತದ ಚುನಾವಣಾ ಆಯೋಗದ್ದು. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿಯೂ ಇದ್ದಂತೆ ಎಂದು ತಿಳಿದು ಸುಮ್ಮನಿರುವವರಿದ್ದಾರೆ. ಒಂದರ ಆದೇಶಕ್ಕೆ ಇನ್ನೊಂದರ ಕಚೇರಿಯಲ್ಲಿ ಉತ್ತರ ಕೊಟ್ಟು ಅವಧಿ ಕಳೆದುಕೊಳ್ಳುವವರೂ ಇದ್ದಾರೆ. ನಾವಿಲ್ಲಿ ಮಾತನಾಡುತ್ತಿರುವುದು ಎರಡನೆಯ ಪಟ್ಟಿಯ ವಿಷಯ.

ಇನ್ನು ಕಾರಣಗಳು. ಆದೇಶದಲ್ಲಿರುವ ಮೂರು ವಾಕ್ಯಗಳು ಮೇಲ್ನೋಟಕ್ಕೆ ಒಂದೇ ಬಗೆಯವು: ಮೂರೂ ನಿಷ್ಠುರ, ಮೂರೂ ಚುಟುಕು. ಆದರೆ ಅವು ಹೇಳುತ್ತಿರುವುದು ಮೂರು ಬೇರೆ ಬೇರೆ ಸಂಗತಿಗಳನ್ನು.

‘ದಾಖಲೆ ಸಮರ್ಪಕವಾಗಿಲ್ಲ’ ಎಂಬುದನ್ನು ‘ದಾಖಲೆ ಲಗತ್ತಿಸಿಲ್ಲ’ ಎಂಬುದರ ಪಕ್ಕದಲ್ಲಿಟ್ಟು ನೋಡಿ. ಲಗತ್ತಿಸಿಲ್ಲ ಎಂದಿದ್ದರೆ ಕಾಗದವೇ ಇರಲಿಲ್ಲ. ಸಮರ್ಪಕವಾಗಿಲ್ಲ ಎಂದರೆ ಕಾಗದವಿತ್ತು, ಅದರಲ್ಲಿ ಏನೋ ಕೊರತೆಯಿತ್ತು. ಏನು ಕೊರತೆಯೆಂದು ಆದೇಶ ಹೇಳುವುದಿಲ್ಲ. ಅದನ್ನು ಅರ್ಜಿದಾರಳೇ ತನ್ನ ಅರ್ಜಿಯ ಪ್ರತಿಯನ್ನು ತೆರೆದು ಪತ್ತೆಹಚ್ಚಬೇಕು. ತೆರೆದು ನೋಡಿದಳು. ಮೊಬೈಲಿನಲ್ಲಿ ತೆಗೆದು ಸೇರಿಸಿದ್ದ ಆಧಾರ್ ಚಿತ್ರದಲ್ಲಿ ಜನ್ಮದಿನಾಂಕದ ಸಾಲಿನ ಮೇಲೆ ಬೆಳಕು ಬಿದ್ದು ಅಂಕಿಗಳು ಮಸುಕಾಗಿದ್ದವು. ಇನ್ನೊಂದು ಸಂಗತಿಯೂ ಕಂಡಿತು. ಆಧಾರಿನಲ್ಲಿ ಅವಳ ಹೆಸರಿನ ಮುಂದೆ ಮನೆತನದ ಹೆಸರು ಪೂರ್ಣವಾಗಿದೆ. ಅರ್ಜಿಯಲ್ಲಿ, ಶಾಲೆಯ ದಾಖಲೆಯಲ್ಲಿರುವಂತೆ, ಅದರ ಮೊದಲಕ್ಷರ ಮಾತ್ರ ಹೆಸರಿನ ಹಿಂದೆ ಬಂದಿದೆ. ಗಡಿಯಲ್ಲಿ ಓದಿದ ನಮಗೆ ಇದು ಹೊಸತಲ್ಲ. ಒಂದೇ ಹೆಸರು ಮೂರು ಲಿಪಿಗಳನ್ನು ಹಾದುಬರುವಾಗ ಮೊದಲಕ್ಷರ ಮುಂದಕ್ಕೂ ಹಿಂದಕ್ಕೂ ಓಡಾಡುತ್ತದೆ.

ಈ ಕಾರಣದ ಮಟ್ಟಿಗೆ ಕಚೇರಿಯ ಮಾತು ಸರಿ. ಇಲ್ಲಿ ವಾದಿಸಬಾರದು. ಚಿತ್ರ ಮಸುಕಾಗಿತ್ತೆಂದು ಒಪ್ಪಿ, ಹತ್ತನೆಯ ತರಗತಿಯ ಪ್ರಮಾಣಪತ್ರದ ಸ್ಪಷ್ಟವಾದ ಪ್ರತಿಯನ್ನು ಕೊಡಬೇಕು. ವಯಸ್ಸಿಗೆ ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಜನ್ಮದಿನಾಂಕವಿರುವ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಮೇಲ್ಮನವಿ ಬರೆಯುವ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ತಮ್ಮ ಕಡೆಯ ಕೊರತೆಯನ್ನು ಒಪ್ಪಿದರೆ ಮೇಲ್ಮನವಿ ದುರ್ಬಲವಾದೀತೆಂಬ ಭಯದಿಂದ ‘ಸೂಕ್ತ ದಾಖಲೆಯನ್ನು ಮೊದಲೇ ಸಲ್ಲಿಸಿದ್ದೇನೆ’ ಎಂದು ಬರೆಯುತ್ತಾರೆ. ಓದುವವರ ಮೇಜಿನ ಮೇಲೆ ಆ ಮಸುಕು ಚಿತ್ರವೂ ಇರುತ್ತದೆ. ಅದನ್ನು ನೋಡಿದ ಮೇಲೆ ಉಳಿದ ಎರಡು ಉತ್ತರಗಳನ್ನು ಅವರು ಯಾವ ಮನಸ್ಸಿನಿಂದ ಓದಿಯಾರು?

ವಯಸ್ಸಿನ ವಿಷಯದಲ್ಲಿ ಇನ್ನೊಂದು ಲೆಕ್ಕವನ್ನೂ ಸ್ಪಷ್ಟಪಡಿಸುವುದು ಒಳ್ಳೆಯದು. ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2021ರ ತಿದ್ದುಪಡಿಯ ಬಳಿಕ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕಾದವು. ಇವಳಿಗೆ ಹದಿನೆಂಟು ತುಂಬಿದ್ದು 2025ರ ಜೂನ್ 14ಕ್ಕೆ. ಜನವರಿ 1ಕ್ಕೆ ಎಣಿಸಿದರೆ ಅನರ್ಹಳು, ಜುಲೈ 1ಕ್ಕೆ ಎಣಿಸಿದರೆ ಅರ್ಹಳು. ಹಳೆಯ ದಿನಾಂಕವೇ ಮನಸ್ಸಿನಲ್ಲಿ ಉಳಿದಿರುವವರಿಗೂ ಗೊಂದಲವಾಗದಂತೆ ಇದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬೇಕು.

ಎರಡನೆಯ ಕಾರಣವೇ ಈ ಆದೇಶದ ಜೀವ. ‘ವಾಸವಿರುವುದು ಕಂಡುಬಂದಿಲ್ಲ’ ಎಂಬುದು ‘ವಾಸವಿಲ್ಲ’ ಎಂಬುದಲ್ಲ. ಮೊದಲನೆಯದು ನೋಡಿದವನ ಅನುಭವ, ಎರಡನೆಯದು ವಸ್ತುಸ್ಥಿತಿ. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ನಾವು ಬಿಎಲ್‌ಒ ಎಂದು ಕರೆಯುವವರು, ಜುಲೈ ತಿಂಗಳ ಒಂದು ಕೆಲಸದ ದಿನ ಮನೆಗೆ ಬಂದಿದ್ದಾರೆ. ಕಾಲೇಜು ನಡೆಯುತ್ತಿದೆ, ಹುಡುಗಿ ಮನೆಯಲ್ಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಮನೆಯವರು ‘ಮಂಗಳೂರಿನಲ್ಲಿದ್ದಾಳೆ’ ಎಂದಿದ್ದಾರೆ. ಮನೆಯವರು ಹೇಳಿದ್ದು ಸುಳ್ಳಲ್ಲ, ಬಂದವರು ಬರೆದದ್ದೂ ಸುಳ್ಳಲ್ಲ. ಆದರೆ ‘ಮಂಗಳೂರಿನಲ್ಲಿದ್ದಾಳೆ’ ಎಂಬ ಆಡುಮಾತು ವರದಿಗೆ ಏರುವಾಗ ‘ಮಂಗಳೂರಿನಲ್ಲಿ ವಾಸ’ ಎಂದಾಗಿದೆ. ಇರುವುದಕ್ಕೂ ವಾಸಿಸುವುದಕ್ಕೂ ನಡುವೆ ಇರುವ ಈ ಅಂತರದಲ್ಲಿ ಒಬ್ಬಳ ಮತದ ಹಕ್ಕು ಸಿಕ್ಕಿಕೊಂಡಿದೆ.

ಕಾನೂನು ಈ ಅಂತರವನ್ನು ಗುರುತಿಸಿದೆ. ಪಟ್ಟಿಯಲ್ಲಿ ಹೆಸರು ಸೇರಲು ಆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾಗಿರಬೇಕು ಎನ್ನುತ್ತದೆ 19ನೆಯ ಕಲಂ. ಸಾಮಾನ್ಯ ನಿವಾಸಿ ಎಂದರೆ ಯಾರು ಎಂಬುದನ್ನು 20ನೆಯ ಕಲಂ ವಿವರಿಸುತ್ತದೆ. ಅದು ಎರಡು ಕಡೆಗೂ ಹರಿತವಾಗಿದೆ. ಒಂದು ಊರಿನಲ್ಲಿ ಮನೆ ಇದೆಯೆಂಬ ಮಾತ್ರಕ್ಕೆ ಒಬ್ಬರು ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ಹಾಗೆಯೇ, ತಾತ್ಕಾಲಿಕವಾಗಿ ಊರು ಬಿಟ್ಟಿರುವ ಮಾತ್ರಕ್ಕೆ ಒಬ್ಬರು ತಮ್ಮ ಊರಿನ ಸಾಮಾನ್ಯ ನಿವಾಸಿಯಲ್ಲದೆ ಹೋಗುವುದೂ ಇಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೆ ಚುನಾವಣಾ ಆಯೋಗ ಆಯ್ಕೆಯನ್ನೇ ಕೊಟ್ಟಿದೆ: ತಂದೆತಾಯಿಯರಿರುವ ಊರಿನಲ್ಲಿ ನೋಂದಾಯಿಸಿಕೊಳ್ಳಬಹುದು, ಇಲ್ಲವೆ, ಮಾನ್ಯತೆ ಪಡೆದ, ಕನಿಷ್ಠ ಒಂದು ವರ್ಷದ ವ್ಯಾಸಂಗವಾಗಿದ್ದರೆ, ಸಂಸ್ಥೆಯ ಮುಖ್ಯಸ್ಥರ ದೃಢೀಕರಣದೊಂದಿಗೆ ಹಾಸ್ಟೆಲಿನ ವಿಳಾಸದಲ್ಲಿ ನೋಂದಾಯಿಸಿಕೊಳ್ಳಬಹುದು. ಎರಡರಲ್ಲಿ ಒಂದು ಮಾತ್ರ. ಎರಡು ಕ್ಷೇತ್ರಗಳಲ್ಲಿ ಹೆಸರಿರುವುದನ್ನು 17ನೆಯ ಕಲಂ ನಿಷೇಧಿಸುತ್ತದೆ. ನಡುವೆ ರಾಜ್ಯದ ಗಡಿಯಿದೆಯೆಂದು ಅದು ಕಣ್ಣು ಮುಚ್ಚಿಕೊಳ್ಳುವುದಿಲ್ಲ.

ಆದುದರಿಂದ ಇಲ್ಲಿ ಉತ್ತರ ಮೂರು ಭಾಗವಾಗಿ ಬರಬೇಕು. ಕಂಡ ಸಂಗತಿಯನ್ನು ಒಪ್ಪುವುದು: ಹೌದು, ಆ ದಿನ ಮನೆಯಲ್ಲಿರಲಿಲ್ಲ. ಅದರಿಂದ ತೆಗೆದ ತೀರ್ಮಾನವನ್ನು ಒಪ್ಪದಿರುವುದು: ಇರಲಿಲ್ಲವೆಂದರೆ ವಾಸವಿಲ್ಲವೆಂದಾಗದು. ಬಳಿಕ ವಾಸಕ್ಕೆ ಆಧಾರ ಕೊಡುವುದು. ಮನೆಯ ವಿದ್ಯುತ್ ಬಿಲ್ ತಂದೆಯ ಹೆಸರಿನಲ್ಲಿದ್ದರೂ ನಡೆಯುತ್ತದೆ. ಅದೇ ಮನೆಸಂಖ್ಯೆಯಲ್ಲಿ ತಂದೆತಾಯಿಯರ ಹೆಸರು ಮತದಾರರ ಪಟ್ಟಿಯಲ್ಲಿರುವ ಪುಟ, ಅವರ ಗುರುತಿನ ಚೀಟಿಯ ಸಂಖ್ಯೆ ಇವು ಇನ್ನೂ ಬಲವಾದವು. ಕಚೇರಿಯವರು ತಮ್ಮಲ್ಲೇ ಇರುವ ದಾಖಲೆಯಿಂದ ಅದನ್ನು ತಾಳೆ ನೋಡಬಹುದು.

ಹಾಸ್ಟೆಲಿನಿಂದ ತರುವ ಪತ್ರದ ಬಗ್ಗೆ ಮಾತ್ರ ಎಚ್ಚರ ಬೇಕು. ‘ಇವರು ನಮ್ಮ ಹಾಸ್ಟೆಲಿನಲ್ಲಿ ವಾಸವಾಗಿದ್ದಾರೆ’ ಎಂದಷ್ಟೇ ಬರೆಸಿಕೊಂಡು ಬಂದರೆ, ಆದೇಶದ ಕಾರಣವನ್ನು ನಾವೇ ಸಾಬೀತುಪಡಿಸಿದಂತಾಗುತ್ತದೆ. ಯಾವ ವ್ಯಾಸಂಗಕ್ಕಾಗಿ, ಯಾವ ದಿನಾಂಕದಿಂದ ಇದ್ದಾಳೆ, ದಾಖಲಾತಿಯಲ್ಲಿ ಕೊಟ್ಟ ಕಾಯಂ ವಿಳಾಸ ಯಾವುದು, ರಜೆಗಳಲ್ಲಿ ಅಲ್ಲಿಗೆ ಹೋಗುತ್ತಾಳೆಯೇ, ಹಾಸ್ಟೆಲಿನ ವಿಳಾಸದಲ್ಲಿ ಮತದಾರ ನೋಂದಣಿಗೆ ದೃಢೀಕರಣ ಪಡೆದಿಲ್ಲವೇ ಎಂಬ ವಿವರಗಳಿದ್ದರೆ ಮಾತ್ರ ಆ ಪತ್ರ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಕಾರಣ ದೊಡ್ಡದಾಗಿ ಕಾಣುತ್ತದೆ, ಉತ್ತರ ಸಣ್ಣದು. ‘ಇದೇ ಹೆಸರಿನ ಮತದಾರರು’ ಎಂದಿದೆಯೇ ಹೊರತು ‘ಇದೇ ಮತದಾರರು’ ಎಂದಿಲ್ಲ. ಪಟ್ಟಿಯ ಆ ಭಾಗವನ್ನು ತೆರೆದು ನೋಡಿದರೆ ಅದೇ ಹೆಸರಿನ ನಲವತ್ತಮೂರು ವರ್ಷದ ಮಹಿಳೆಯೊಬ್ಬರಿದ್ದಾರೆ. ಸಂಬಂಧಿಯ ಸ್ಥಾನದಲ್ಲಿ ಗಂಡನ ಹೆಸರಿದೆ, ಮನೆಸಂಖ್ಯೆ ಬೇರೆ. ಕ್ರಮಸಂಖ್ಯೆ ಸಹಿತ ಅಷ್ಟನ್ನು ತೋರಿಸಿದರೆ ಮುಗಿಯಿತು. ಅವರೊಡನೆ ನನಗೆ ಸಂಬಂಧವಿಲ್ಲ, ನಮ್ಮ ಊರಿನಲ್ಲಿ ಈ ಹೆಸರು ಬಹಳ ಮಂದಿಗಿದೆ ಎಂಬ ವಿವರಣೆಯ ಅಗತ್ಯವಿಲ್ಲ.

ಆದೇಶದಲ್ಲಿ ‘ವಿಚಾರಣೆಗೆ ಹಾಜರಾಗಿಲ್ಲ’ ಎಂಬ ಸಾಲು ಎಲ್ಲಾದರೂ ಅಡಗಿದ್ದರೆ ಅದನ್ನು ನಾಲ್ಕನೆಯ ಕಾರಣವೆಂದೇ ತಿಳಿಯಬೇಕು. ಪಟ್ಟಿಯ ಪರಿಷ್ಕರಣೆಯ ಕಾಲದ ಹಕ್ಕುಕೋರಿಕೆಗಳಿಗೆ ಅನ್ವಯಿಸುವ 1960ರ ನೋಂದಣಿ ನಿಯಮಗಳಲ್ಲಿ, ತನ್ನ ಮಾತನ್ನು ಹೇಳಿಕೊಳ್ಳಲು ಸಿಕ್ಕಿದ ಅವಕಾಶವನ್ನು ಬಳಸದೆ ಬಿಟ್ಟವರಿಗೆ ಮೇಲ್ಮನವಿಯ ಹಕ್ಕೇ ಇಲ್ಲವೆಂದು 23ನೆಯ ನಿಯಮ ಹೇಳುತ್ತದೆ. ವಿಚಾರಣೆಯ ತಿಳಿವಳಿಕೆ ಪತ್ರ ತಲುಪಿರದಿದ್ದರೆ ಅದನ್ನು ಮೊದಲ ವಾಕ್ಯದಲ್ಲಿಯೇ ಬರೆಯಬೇಕು. ನಮ್ಮ ಪ್ರಸಂಗದಲ್ಲಿ ಆ ಸಾಲು ಇಲ್ಲ.

ಇಷ್ಟೆಲ್ಲ ಕಷ್ಟವೇಕೆ, ಹೊಸದಾಗಿ ನಮೂನೆ 6 ಸಲ್ಲಿಸಬಾರದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಿರಸ್ಕಾರಕ್ಕೆ ಮೊದಲನೆಯ ಕಾರಣ ಒಂದೇ ಇದ್ದಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಮಸುಕು ಚಿತ್ರದ ಸಲುವಾಗಿ ಜಿಲ್ಲಾಧಿಕಾರಿಯವರೆಗೆ ಹೋಗಬೇಕಿಲ್ಲ. ಆದರೆ ಎರಡನೆಯ ಕಾರಣ ಹಾಗಲ್ಲ. ಹೊಸ ಅರ್ಜಿ ಕೊಟ್ಟರೂ ಪರಿಶೀಲನೆಗೆ ಬರುವವರು ಮತ್ತೆ ಕೆಲಸದ ದಿನವೇ ಬರುತ್ತಾರೆ, ಮನೆಯವರು ಮತ್ತೆ ಅದೇ ಉತ್ತರ ಕೊಡುತ್ತಾರೆ. ತೀರ್ಮಾನವೇ ತಪ್ಪಾಗಿರುವಲ್ಲಿ ಅದನ್ನು ಮೇಲಿನವರು ತಿದ್ದಬೇಕು. ಎರಡನ್ನೂ ಒಟ್ಟಿಗೆ ಮಾಡುವುದಂತೂ ಬೇಡ. ಎರಡೂ ಅಂಗೀಕೃತವಾಗಿ ಒಂದೇ ಪಟ್ಟಿಯಲ್ಲಿ ಎರಡು ಬಾರಿ ಹೆಸರು ಬಂದರೆ ಅದು ಇನ್ನೊಂದು ತೊಡಕು.

ಈಗ ಮೇಲ್ಮನವಿಯ ಒಡಲು. ವಿಳಾಸ, ಸಹಿ ಮೊದಲಾದವನ್ನು ಬಿಟ್ಟಿದ್ದೇನೆ.

“ಮಾನ್ಯರೇ,

ವಿಷಯ: ನಮೂನೆ 6ರ ಅರ್ಜಿಯನ್ನು ತಿರಸ್ಕರಿಸಿದ 8-8-2025ರ ಆದೇಶದ ಮೇಲೆ, ಜನತಾ ಪ್ರಾತಿನಿಧ್ಯ ಕಾಯ್ದೆ 1950ರ 24(ಎ) ಕಲಮಿನಡಿ ಮೇಲ್ಮನವಿ.

3-7-2025ರಂದು ನಾನು ಸಲ್ಲಿಸಿದ ಅರ್ಜಿಯನ್ನು ಮೂರು ಕಾರಣಗಳಿಂದ ತಿರಸ್ಕರಿಸಲಾಗಿದೆ. ಆದೇಶವು 14-8-2025ರಂದು ನನಗೆ ತಲುಪಿತು. ಆದೇಶದ ಪ್ರತಿಯನ್ನೂ ಲಕೋಟೆಯ ಪ್ರತಿಯನ್ನೂ ಲಗತ್ತಿಸಿದ್ದೇನೆ. ಕಾರಣಗಳಿಗೆ ಅವು ಆದೇಶದಲ್ಲಿರುವ ಕ್ರಮದಲ್ಲಿಯೇ ಉತ್ತರಿಸುತ್ತೇನೆ.

ಮೊದಲನೆಯ ಕಾರಣ, ‘ವಯಸ್ಸಿಗೆ ಸಂಬಂಧಿಸಿದ ದಾಖಲೆ ಸಮರ್ಪಕವಾಗಿಲ್ಲ’ ಎಂಬುದು. ನಾನು ಸಲ್ಲಿಸಿದ ಆಧಾರ್ ಚಿತ್ರದಲ್ಲಿ ಜನ್ಮದಿನಾಂಕ ಮಸುಕಾಗಿತ್ತು. ಈಗ ಹತ್ತನೆಯ ತರಗತಿಯ ಪ್ರಮಾಣಪತ್ರದ ಸ್ಪಷ್ಟ ಪ್ರತಿಯನ್ನು ಸಲ್ಲಿಸುತ್ತಿದ್ದೇನೆ (ಲಗತ್ತು 1). ಅದರಂತೆ ನನ್ನ ಜನ್ಮದಿನಾಂಕ 14-6-2007. ಅರ್ಹತಾ ದಿನಾಂಕವಾದ 1-7-2025ಕ್ಕೆ ನನಗೆ 18 ವರ್ಷ ತುಂಬಿದೆ. ಆಧಾರಿನಲ್ಲಿ ಪೂರ್ಣವಾಗಿ ಬರೆದಿರುವ ಮನೆತನದ ಹೆಸರೇ ಪ್ರಮಾಣಪತ್ರದಲ್ಲಿ ಮೊದಲಕ್ಷರವಾಗಿದೆ. ಎರಡರಲ್ಲಿಯೂ ತಂದೆಯ ಹೆಸರು, ಜನ್ಮದಿನಾಂಕ ಒಂದೇ ಆಗಿವೆ (ಲಗತ್ತು 2).

ಎರಡನೆಯ ಕಾರಣ, ‘ವಿಳಾಸದಲ್ಲಿ ವಾಸವಿರುವುದು ಕಂಡುಬಂದಿಲ್ಲ’ ಎಂಬುದು. ಪರಿಶೀಲನೆಯ ದಿನ ನಾನು ಮನೆಯಲ್ಲಿರಲಿಲ್ಲ ಎಂಬುದು ನಿಜ. ನಾನು ಪದವಿ ವ್ಯಾಸಂಗಕ್ಕಾಗಿ ಮಂಗಳೂರಿನ ಹಾಸ್ಟೆಲಿನಲ್ಲಿದ್ದೇನೆ. ರಜೆಗಳಲ್ಲಿ ಸದರಿ ಮನೆಗೇ ಮರಳುತ್ತೇನೆ (ಲಗತ್ತು 3). ಕಾಯ್ದೆಯ 20ನೆಯ ಕಲಮಿನಂತೆ ತಾತ್ಕಾಲಿಕ ಗೈರುಹಾಜರಿಯಿಂದ ಸಾಮಾನ್ಯ ನಿವಾಸ ತಪ್ಪುವುದಿಲ್ಲ. ಇದೇ ಮನೆಸಂಖ್ಯೆಯಲ್ಲಿ ನನ್ನ ತಂದೆತಾಯಿ ಮತದಾರರಾಗಿದ್ದಾರೆ (ಲಗತ್ತು 4). ಮನೆಯ ವಿದ್ಯುತ್ ಬಿಲ್ ಲಗತ್ತು 5. ಹಾಸ್ಟೆಲಿನ ವಿಳಾಸದಲ್ಲಾಗಲಿ ಬೇರೆ ಯಾವ ಕ್ಷೇತ್ರದಲ್ಲಾಗಲಿ ನನ್ನ ಹೆಸರು ಇಲ್ಲ, ಅರ್ಜಿಯನ್ನೂ ಕೊಟ್ಟಿಲ್ಲ.

ಮೂರನೆಯ ಕಾರಣ, ‘ಇದೇ ಹೆಸರಿನ ಮತದಾರರು ಈಗಾಗಲೇ ಇದ್ದಾರೆ’ ಎಂಬುದು. ಪಟ್ಟಿಯ ಆ ನಮೂದಿನಲ್ಲಿರುವವರ ವಯಸ್ಸು 43; ಸಂಬಂಧಿಯ ಹೆಸರೂ ಮನೆಸಂಖ್ಯೆಯೂ ಬೇರೆ (ಲಗತ್ತು 6). ಅವರು ನಾನಲ್ಲ.

ಆದ್ದರಿಂದ ಸದರಿ ಆದೇಶವನ್ನು ರದ್ದುಪಡಿಸಿ ನನ್ನ ಹೆಸರನ್ನು ಪಟ್ಟಿಗೆ ಸೇರಿಸುವಂತೆ ಆದೇಶಿಸಬೇಕೆಂದೂ, ಅಗತ್ಯವೆನಿಸಿದರೆ ನನ್ನನ್ನು ಖುದ್ದಾಗಿ ವಿಚಾರಿಸಬೇಕೆಂದೂ ಕೋರುತ್ತೇನೆ.”

ಗಮನಿಸಿ: ಪ್ರತಿಯೊಂದು ಕಾರಣವನ್ನೂ ಆದೇಶದ ಮಾತಿನಲ್ಲಿಯೇ ಉದ್ಧರಿಸಿದ್ದೇವೆ, ನಮ್ಮ ಮಾತಿಗೆ ಇಳಿಸಿಕೊಂಡಿಲ್ಲ. ಅಧಿಕಾರಿಯು ಆದೇಶವನ್ನು ಎಡಗೈಯಲ್ಲೂ ಮೇಲ್ಮನವಿಯನ್ನು ಬಲಗೈಯಲ್ಲೂ ಹಿಡಿದು ಸಾಲಿಗೆ ಸಾಲು ತಾಳೆ ನೋಡುವಂತಿರಬೇಕು. ‘ಬೇರೆ ಕ್ಷೇತ್ರದಲ್ಲಿ ಹೆಸರು ಇಲ್ಲ’ ಎಂಬ ವಾಕ್ಯವನ್ನು ಮಾತ್ರ ಬರೆಯುವ ಮುನ್ನ ಎರಡು ಬಾರಿ ಯೋಚಿಸಬೇಕು. ಕಾಲೇಜಿನ ನೋಂದಣಿ ಶಿಬಿರದಲ್ಲಿ ಎಂದೋ ಸಹಿ ಹಾಕಿಕೊಟ್ಟ ನಮೂನೆಯೊಂದು ಮಂಗಳೂರಿನ ಪಟ್ಟಿಯಲ್ಲಿ ಮೊಳೆತಿರಬಹುದು. ತಿಳಿದೂ ಸುಳ್ಳು ಘೋಷಣೆ ಮಾಡುವುದು 31ನೆಯ ಕಲಮಿನಂತೆ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ.

ಇದನ್ನು ಕನ್ನಡದಲ್ಲಿಯೇ ಕೊಡಬಹುದೇ? ಕೊಡಬಹುದು. ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೆ ಆ ವಿಧಿ ಕೊಡುವುದು ಸಲ್ಲಿಸುವ ಹಕ್ಕನ್ನು. ಓದುವವರಿಗೆ ಕನ್ನಡ ಬರುತ್ತದೆಂಬ ಭರವಸೆಯನ್ನಲ್ಲ. ಹದಿನೈದು ದಿನಗಳ ಅವಧಿಯಲ್ಲಿ ಕಾಗದವು ಅನುವಾದಕ್ಕಾಗಿ ಮೇಜಿನಿಂದ ಮೇಜಿಗೆ ಅಲೆಯದಿರಲೆಂದು ಕನ್ನಡದ ಪ್ರತಿಗೆ ಸಹಿ ಹಾಕಿ, ಜತೆಗೆ ಮಲಯಾಳದ ಅಥವಾ ಇಂಗ್ಲಿಷಿನ ಪ್ರತಿಯೊಂದನ್ನು ಇಡುವುದು ನನ್ನ ಸಲಹೆ. ಎರಡರಲ್ಲಿಯೂ ದಿನಾಂಕಗಳು, ಲಗತ್ತಿನ ಸಂಖ್ಯೆಗಳು ಒಂದೇ ಆಗಿರಲಿ.

ಸಲ್ಲಿಸುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಶುಲ್ಕವೇನಾದರೂ ಇದ್ದರೆ ಅದನ್ನು ಅಲ್ಲಿಯೇ ಕೇಳಿ ಕಟ್ಟಿ ರಸೀದಿ ಪಡೆಯಬೇಕು. ಜಿಲ್ಲಾಧಿಕಾರಿಯವರ ಆದೇಶವೂ ವಿರುದ್ಧವಾಗಿ ಬಂದರೆ, ಮೂವತ್ತು ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರಿಗೆ ಎರಡನೆಯ ಮೇಲ್ಮನವಿ ಹೋಗಬಹುದು. ಆಗ ಉತ್ತರಿಸಬೇಕಾದದ್ದು ಹೊಸ ಆದೇಶದ ಕಾರಣಗಳಿಗೆ, ಹಳೆಯವಕ್ಕಲ್ಲ. ಚುನಾವಣೆ ಘೋಷಣೆಯಾಗಿದ್ದರೆ ಇನ್ನೊಂದು ಗಡುವನ್ನೂ ನೆನಪಿಡಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕ ಕಳೆದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಮೇಲ್ಮನವಿ ಅಂಗೀಕೃತವಾದರೆ ಆದೇಶದ ಪ್ರತಿಯನ್ನು ಕಡತದಲ್ಲಿಟ್ಟು ಸುಮ್ಮನಾಗದೆ, ಕೆಲವು ದಿನ ಬಿಟ್ಟು ಪಟ್ಟಿಯ ಅದೇ ಭಾಗವನ್ನು ಮತ್ತೆ ತೆರೆದು, ತಂದೆತಾಯಿಯರ ಹೆಸರಿರುವ ಮನೆಸಂಖ್ಯೆಯಡಿ ತನ್ನ ಹೆಸರು ಬಂದಿದೆಯೇ, ಮೊದಲಕ್ಷರ ಸರಿಯಾದ ಕಡೆ ಕುಳಿತಿದೆಯೇ ಎಂದು ನೋಡಬೇಕು. ಕುಳಿತಿರದಿದ್ದರೆ ಅದಕ್ಕೆ ಮೇಲ್ಮನವಿ ಬೇಡ. ತಿದ್ದುಪಡಿಗೆಂದೇ ನಮೂನೆ 8 ಇದೆ.